ಲೈಸೆನ್ಸ್ ನಮ್ಮದು, ಖಾತೆ ಯಾರದು?

ದುಡ್ಡು ಕೊಟ್ಟು ತಂದ ಲ್ಯಾಪ್‌ಟಾಪು. ಅದರ ಜೊತೆಗೇ ಬಂದ ವರ್ಡು, ಎಕ್ಸೆಲ್ಲು. ಒಂದು ದಿನ ತೆಗೆದರೆ ಮೇಲಿನ ಪಟ್ಟಿಯಲ್ಲಿ Unlicensed Product ಅಂತ ಬರೆದಿರುತ್ತದೆ. ಅಂದರೆ ಪರವಾನಗಿ ಇಲ್ಲದ ಮಾಲು. ನೋಡಿದವರು ಗಾಬರಿಯಾಗುತ್ತಾರೆ. ತಾವೇನೋ ಕಳ್ಳಮಾಲು ಇಟ್ಟುಕೊಂಡಿದ್ದೇವೆ ಅನ್ನಿಸುತ್ತದೆ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಓಡುತ್ತಾರೆ. ಅಲ್ಲಿ ಕೂತವರು ತೆರೆದು ನೋಡುವ ಮೊದಲೇ ಹೇಳುತ್ತಾರೆ: "ಲೈಸೆನ್ಸ್ ಹೋಗೈತೆ, ಫಾರ್ಮ್ಯಾಟ್ ಮಾಡಿ ಬೇರೆ ಹಾಕ್ಬೇಕು, ಐನೂರು ಆಯ್ತದೆ."

ನಾವು ಈ ಬರಹದಲ್ಲಿ ಹೇಳುವುದು ಒಂದೇ ಮಾತು. ಇಂಥ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಲೈಸೆನ್ಸ್ ಎಲ್ಲೂ ಹೋಗಿರುವುದಿಲ್ಲ. ಒಳಗೆ ಸೈನ್ ಇನ್ ಆಗಿರುವ ಖಾತೆ ತಪ್ಪಾಗಿರುತ್ತದೆ. ಅದನ್ನು ಸರಿಪಡಿಸುವುದು ಸಾಮಾನ್ಯವಾಗಿ ಹದಿನೈದು ನಿಮಿಷದ ಕೆಲಸ, ಅದಕ್ಕೆ ಖರ್ಚೂ ಇಲ್ಲ. ಆ ಹದಿನೈದು ನಿಮಿಷವನ್ನು ಮುಚ್ಚಿಟ್ಟು ಐನೂರು ವಸೂಲಿ ಮಾಡುವುದು ಅನ್ಯಾಯ. ಜನ ಹೀಗೆ ತಪ್ಪು ಖಾತೆಯೊಳಗೆ ಬೀಳುವಂತೆ ಕಿಟಕಿ ಕಟ್ಟಿಟ್ಟವರದು ಅದಕ್ಕಿಂತ ದೊಡ್ಡ ತಪ್ಪು.

ಪಹಣಿಯ ಹಾಗೆ ನೋಡಿ

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ದಾಬಸ್‌ಪೇಟೆ, ಸೋಂಪುರ, ತ್ಯಾಮಗೊಂಡ್ಲು ಕಡೆ ಖಾತೆ ಅಂದರೆ ಏನು ಎಂದು ಯಾರಿಗೂ ಪಾಠ ಹೇಳಬೇಕಿಲ್ಲ. ಜಮೀನು ನಮ್ಮದೇ, ಉಳುವವರೂ ನಾವೇ, ಆದರೆ ಪಹಣಿಯಲ್ಲಿ ಇನ್ನೊಬ್ಬರ ಹೆಸರು ಕೂತಿದ್ದರೆ ಬ್ಯಾಂಕಿನಲ್ಲಿ ಸಾಲವಿಲ್ಲ, ಪರಿಹಾರವಿಲ್ಲ. ಹಾಗಂತ ಜಮೀನು ಮಾಯವಾಗಿದೆ ಅಂತ ಯಾರಾದರೂ ಹೇಳುತ್ತಾರೆಯೇ? ಖಾತೆ ಸರಿಮಾಡಿಸಬೇಕು ಅನ್ನುತ್ತಾರೆ.

ಮೈಕ್ರೋಸಾಫ್ಟ್ ಆಫೀಸಿನ ಲೈಸೆನ್ಸೂ ಹೀಗೇ. ಮೊದಲು ಪೆಟ್ಟಿಗೆಯ ಮೇಲೆ ಇಪ್ಪತ್ತೈದು ಅಕ್ಷರಗಳ ಒಂದು ಕೀ ಇರುತ್ತಿತ್ತು, ಅದನ್ನು ಒತ್ತಿದರೆ ಮುಗಿಯುತ್ತಿತ್ತು. ಈಗ ಲೈಸೆನ್ಸ್ ಒಂದು ಇಮೇಲ್ ಖಾತೆಗೆ ಅಂಟಿಕೊಂಡಿರುತ್ತದೆ. ಆಫೀಸ್ ತೆರೆದಾಗ ಅದು ಕೇಳುವ ಪ್ರಶ್ನೆ, "ಈಗ ಒಳಗೆ ಇರುವವರು ಯಾರು? ಅವರ ಹೆಸರಲ್ಲಿ ಹಕ್ಕು ಇದೆಯೇ?" ಎಂಬುದು. ಹಕ್ಕು ಇರುವ ಖಾತೆ ಹೊರಗೆ ಕೂತು, ಹಕ್ಕಿಲ್ಲದ ಖಾತೆ ಒಳಗೆ ಕೂತಿದ್ದರೆ ಉತ್ತರ "ಇಲ್ಲ" ಎಂದೇ ಬರುತ್ತದೆ. ಆಗ ಪಟ್ಟಿಯ ಮೇಲೆ Unlicensed Product ಎಂಬ ಹಣೆಪಟ್ಟಿ ಬೀಳುತ್ತದೆ.

ಹಣೆಪಟ್ಟಿ ಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನೂ ಸರಿಯಾಗಿ ತಿಳಿದಿರಬೇಕು. ಫೈಲುಗಳು ಅಳಿಸಿಹೋಗುವುದಿಲ್ಲ. ಹಳೆಯ ಫೈಲನ್ನು ತೆರೆದು ಓದಬಹುದು, ಪ್ರಿಂಟ್ ತೆಗೆಯಬಹುದು. ಹೊಸದನ್ನು ಬರೆಯಲು, ಇದ್ದುದನ್ನು ತಿದ್ದಲು ಆಗುವುದಿಲ್ಲ. ಮೇಲಿನ ಗುಂಡಿಗಳು ಮಾಸಿದ ಬಣ್ಣಕ್ಕೆ ತಿರುಗಿರುತ್ತವೆ. ಆದ್ದರಿಂದ "ಡೇಟಾ ಎಲ್ಲ ಹೋಗಿಬಿಡ್ತದೆ, ಬೇಗ ಮಾಡಿಸ್ಕೊಳಿ" ಎಂದು ಯಾರಾದರೂ ಹೆದರಿಸಿದರೆ ಅದು ಸುಳ್ಳು. ಡೇಟಾ ಹೋಗುವ ಅಪಾಯ ಇರುವುದು ಅವರು ಮಾಡಲು ಹೊರಟಿರುವ ಫಾರ್ಮ್ಯಾಟಿನಲ್ಲಿ.

ಒಂದೇ ಬಾಗಿಲು, ಎರಡು ಮನೆ

ಮೈಕ್ರೋಸಾಫ್ಟಿನಲ್ಲಿ ಖಾತೆಗಳು ಎರಡು ಜಾತಿ. ಒಂದು ಪರ್ಸನಲ್ ಖಾತೆ, ನಾವೇ ಮಾಡಿಕೊಳ್ಳುವುದು. ಇನ್ನೊಂದು ವರ್ಕ್ ಅಥವಾ ಸ್ಕೂಲ್ ಖಾತೆ, ಫ್ಯಾಕ್ಟರಿಯೋ ಕಾಲೇಜೋ ನಮಗೆ ಮಾಡಿಕೊಡುವುದು. ಎರಡನ್ನೂ ಬೇರೆ ಬೇರೆ ಕಡೆ ಇಟ್ಟಿದ್ದಾರೆ. ಒಂದರ ಹಕ್ಕು ಇನ್ನೊಂದಕ್ಕೆ ಕಾಣುವುದಿಲ್ಲ. ಪರ್ಸನಲ್ ಖಾತೆಯಲ್ಲಿ ನೀವು ದುಡ್ಡು ಕೊಟ್ಟು ಕೊಂಡದ್ದು ವರ್ಕ್ ಖಾತೆಯಲ್ಲಿ ಸೈನ್ ಇನ್ ಆದಾಗ ಇಲ್ಲವೇ ಇಲ್ಲ ಎಂಬಂತೆ ವರ್ತಿಸುತ್ತದೆ.

ಇಷ್ಟು ಬೇರೆಯಾದ ಎರಡು ಮನೆಗೆ ಬಾಗಿಲು ಮಾತ್ರ ಒಂದೇ. ಅದೇ ಬಿಳಿ ಕಿಟಕಿ, ಅದೇ ನಾಲ್ಕು ಬಣ್ಣದ ಗುರುತು, ಅದೇ Sign in. ಗೊಂದಲ ಸಾಲದು ಅಂತ, ಒಂದೇ ಇಮೇಲ್ ವಿಳಾಸಕ್ಕೆ ಎರಡೂ ಜಾತಿಯ ಖಾತೆ ಇರುವುದೂ ಉಂಟು. ಆಗ ಪರದೆ ಕೇಳುತ್ತದೆ, ವರ್ಕ್ ಖಾತೆಯೋ ಪರ್ಸನಲ್ ಖಾತೆಯೋ ಎಂದು. ಮೊದಲನೆಯದರ ಕೆಳಗೆ ನಿಮ್ಮ ಐಟಿ ವಿಭಾಗ ಮಾಡಿದ್ದು ಎಂದೂ, ಎರಡನೆಯದರ ಕೆಳಗೆ ನೀವು ಮಾಡಿದ್ದು ಎಂದೂ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಕಂಪನಿಯ ಹೆಸರಿನ ವಿಳಾಸದಲ್ಲಿ ಹೊಸದಾಗಿ ಪರ್ಸನಲ್ ಖಾತೆ ಮಾಡುವುದನ್ನು ಮೈಕ್ರೋಸಾಫ್ಟ್ 2016ರಲ್ಲಿ ತಡೆಯಿತು. ಗೊಂದಲ ಇದೆ ಎಂದು ಅವರಿಗೇ ಗೊತ್ತಾಗಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಅದಕ್ಕೂ ಹಿಂದೆ ಮಾಡಿದ ಖಾತೆಗಳು ಹಾಗೇ ಉಳಿದವು.

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ತೊಡಕು ಇದೆ. ಹೆಚ್ಚಿನವರ ಹತ್ತಿರ ಇರುವುದು ಜಿಮೇಲ್. ಜಿಮೇಲ್ ವಿಳಾಸ ಕೊಟ್ಟೂ ಮೈಕ್ರೋಸಾಫ್ಟ್ ಖಾತೆ ಮಾಡಬಹುದು. ವಿಳಾಸ ಒಂದೇ ಆದರೂ ಪಾಸ್‌ವರ್ಡ್ ಬೇರೆ. ಜಿಮೇಲಿನ ಪಾಸ್‌ವರ್ಡ್ ಹಾಕಿ "ತಪ್ಪು" ಅಂತ ಬಂದಾಗ ಜನ ಕೈಚೆಲ್ಲಿ ಕೂರುತ್ತಾರೆ. ಅಲ್ಲಿ Forgot password ಒತ್ತಿದರೆ ಜಿಮೇಲಿಗೇ ಕೋಡ್ ಬರುತ್ತದೆ, ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬಹುದು. ಇದನ್ನೂ ಯಾರೂ ಹೇಳಿಕೊಡುವುದಿಲ್ಲ.

ಅಣ್ಣನ ಕೆಲಸ, ತಂಗಿಯ ಲ್ಯಾಪ್‌ಟಾಪು

ಈಗ ಒಂದು ಮನೆಯ ಕಥೆ ತೆಗೆದುಕೊಳ್ಳೋಣ. ಹೆಸರು ಬೇಡ, ಫ್ಯಾಕ್ಟರಿಯ ಹೆಸರೂ ಬೇಡ. ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶಕ್ಕೆ ಬೆಳಗ್ಗೆ ಬಸ್ಸು, ಬೈಕುಗಳಲ್ಲಿ ಬಂದಿಳಿಯುವವರಲ್ಲಿ ಇಂಥ ಮನೆಗಳವರು ಬೇಕಾದಷ್ಟು ಜನ ಇದ್ದಾರೆ.

ತಂಗಿ ಬಿಕಾಂ ಓದುತ್ತಾಳೆ. ಅವಳಿಗಾಗಿ ಜೂನ್ ತಿಂಗಳಲ್ಲಿ ಲ್ಯಾಪ್‌ಟಾಪ್ ತಂದರು. ಅದರ ಜೊತೆ ಆಫೀಸ್ ಹೋಮ್ ಅಂಡ್ ಸ್ಟೂಡೆಂಟ್ ಬಂದಿತ್ತು. ಇದು ವರ್ಷ ವರ್ಷ ಕಟ್ಟುವ ಚಂದಾ ಅಲ್ಲ, ಒಮ್ಮೆ ಕೊಂಡರೆ ಆ ಲ್ಯಾಪ್‌ಟಾಪ್ ಇರುವವರೆಗೂ ನಡೆಯುವುದು. ತಂಗಿ ತನ್ನ ಜಿಮೇಲ್ ಕೊಟ್ಟು ಮೈಕ್ರೋಸಾಫ್ಟ್ ಖಾತೆ ಮಾಡಿಕೊಂಡು ಮೊದಲ ವಾರವೇ ಅದನ್ನು ಆಕ್ಟಿವೇಟ್ ಮಾಡಿದಳು. ಪಹಣಿ ಅವಳ ಹೆಸರಿಗೆ ಆಯಿತು.

ಅಣ್ಣ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿದ್ದ. ಆಗಸ್ಟಿನಲ್ಲಿ ಮೇಲಿನವರು ರಾತ್ರಿಯ ಸ್ಟಾಕ್ ಶೀಟನ್ನು ಮನೆಯಿಂದಲೇ ತುಂಬಿ ಕಳಿಸು ಅಂದರು. ಕಂಪನಿ ಲ್ಯಾಪ್‌ಟಾಪ್ ಕೊಡಲಿಲ್ಲ, ಕಂಪನಿಯ ಇಮೇಲ್ ಖಾತೆ ಮಾತ್ರ ಕೊಟ್ಟಿತ್ತು. ಅವನು ತಂಗಿಯ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆರೆದು ಆ ಖಾತೆಯಲ್ಲಿ ಸೈನ್ ಇನ್ ಆದ. ಆಗ ಒಂದು ಕಿಟಕಿ ಬಂತು. ಈ ಖಾತೆಯನ್ನು ಈ ಸಾಧನದ ಎಲ್ಲ ಆಪ್‌ಗಳಲ್ಲೂ ಬಳಸಲೇ ಎಂದು ಕೇಳುತ್ತಿತ್ತು. ಅದರ ಕೆಳಗೆ Allow my organization to manage my device ಎಂಬ ಸಾಲಿಗೆ ಮೊದಲೇ ಟಿಕ್ ಹಾಕಿತ್ತು. ಇನ್ನೂ ಕೆಳಗೆ ಚಿಕ್ಕ ಅಕ್ಷರದಲ್ಲಿ No, sign in to this app only ಎಂದಿತ್ತು. ಅವನು ದೊಡ್ಡ ನೀಲಿ ಗುಂಡಿ OK ಒತ್ತಿದ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಒತ್ತುತ್ತಿದ್ದರು. ಆಮೇಲೆ ಎಕ್ಸೆಲ್ಲಿನ ಮೂಲೆಯಲ್ಲಿ ಎರಡು ಹೆಸರು ಕಂಡು, ಸ್ಟಾಕ್ ಶೀಟ್ ಎಲ್ಲಿ ಸೇವ್ ಆಗುತ್ತದೋ ಎಂಬ ಭಯಕ್ಕೆ, ತಂಗಿಯ ಹೆಸರನ್ನು ಸೈನ್ ಔಟ್ ಮಾಡಿದ.

ಏನೂ ಕೆಡಲಿಲ್ಲ. ಕಂಪನಿಯ ಖಾತೆಗೂ ಆಫೀಸಿನ ಹಕ್ಕು ಇತ್ತು, ಅದರ ಮೇಲೆ ಎಲ್ಲವೂ ನಡೆಯಿತು. ಆರು ತಿಂಗಳು ತಂಗಿ ಬರೆದದ್ದೆಲ್ಲ ಕಂಪನಿಯ ಖಾತೆಯ ನೆರಳಿನಲ್ಲಿ. ಮನೆಯಲ್ಲಿ ಯಾರಿಗೂ ಅದರ ಸುಳಿವಿಲ್ಲ.

ಫೆಬ್ರವರಿಯಲ್ಲಿ ಅಣ್ಣ ಆ ಕೆಲಸ ಬಿಟ್ಟ. ಕಂಪನಿಯವರು ಅವನ ಖಾತೆ ಮುಚ್ಚಿದರು. ಅದು ಅವರ ಹಕ್ಕು, ಅದರಲ್ಲಿ ತಪ್ಪಿಲ್ಲ. ಆಫೀಸ್ ಇಂಥ ಖಾತೆಯ ಹಕ್ಕನ್ನು ಇಂಟರ್ನೆಟ್ಟಿನ ಮೂಲಕ ಆಗಾಗ ಪರೀಕ್ಷಿಸುತ್ತಿರುತ್ತದೆ. ಹಾಗಾಗಿ ಏಟು ಅದೇ ದಿನ ಬೀಳಬೇಕೆಂದಿಲ್ಲ, ಕೆಲವು ದಿನ, ಕೆಲವು ವಾರ ಬಿಟ್ಟು ಬೀಳಬಹುದು. ಈ ಅಂತರವೇ ಜನರನ್ನು ದಾರಿ ತಪ್ಪಿಸುತ್ತದೆ. ಕೆಲಸ ಬಿಟ್ಟದ್ದಕ್ಕೂ ವರ್ಡ್ ನಿಂತದ್ದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ತಂಗಿ ಮಾರ್ಚಿನಲ್ಲಿ ಪ್ರಾಜೆಕ್ಟ್ ತೆರೆದಾಗ Unlicensed Product ಎಂದು ಬಂತು. "ಅಣ್ಣ, ಅಂಗ್ಡಿಯೋರು ಡೂಪ್ಲಿಕೇಟ್ ಕೊಟ್ಟವ್ರೆ ಕಣೋ" ಅಂದಳು. ಅಣ್ಣನೂ ಹಾಗೇ ನಂಬಿದ. ಸರ್ವೀಸ್ ಮಾಡುವವರು "ಟ್ರಯಲ್ ಮುಗಿದೈತೆ, ಫಾರ್ಮ್ಯಾಟ್ ಮಾಡೋಣ" ಅಂದರು. ಒಬ್ಬರಾದರೂ File ಒತ್ತಿ Account ನೋಡಲಿಲ್ಲ.

ನೋಡಬೇಕಾದ ಜಾಗ

ನೋಡಬೇಕಾದದ್ದು ಅಲ್ಲೇ. ವರ್ಡ್ ತೆರೆದು ಎಡಗಡೆ ಮೇಲೆ File, ಆಮೇಲೆ ಕೆಳಗೆ Account. ಎಡಭಾಗದಲ್ಲಿ ಯಾರು ಸೈನ್ ಇನ್ ಆಗಿದ್ದಾರೆ ಎಂಬುದು, ಬಲಭಾಗದಲ್ಲಿ ಲೈಸೆನ್ಸಿನ ಸ್ಥಿತಿ. ಬಲಭಾಗದಲ್ಲಿ Belongs to ಎಂಬ ಸಾಲು ಕಂಡರೆ ಅದರ ಮುಂದಿರುವ ಇಮೇಲೇ ಪಹಣಿಯಲ್ಲಿರುವ ಹೆಸರು. ಅಲ್ಲಿ ಫ್ಯಾಕ್ಟರಿಯದೋ ಕಾಲೇಜಿನದೋ ವಿಳಾಸ ಕಂಡರೆ ರೋಗ ಸಿಕ್ಕಿತು ಅಂತಲೇ ತಿಳಿಯಿರಿ.

ಮುಂದಿನದು ಹಕ್ಕು ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳುವುದು. ಮೊಬೈಲಿನಲ್ಲೂ ಇದನ್ನು ಮಾಡಬಹುದು. ಬ್ರೌಸರಿನ ಪ್ರೈವೇಟ್ ಅಥವಾ ಇನ್‌ಕಾಗ್ನಿಟೊ ಕಿಟಕಿ ತೆಗೆದುಕೊಳ್ಳಿ. ಸಾಮಾನ್ಯ ಕಿಟಕಿಯಲ್ಲಿ ಹೋದರೆ ಬ್ರೌಸರ್ ತಾನಾಗಿಯೇ ಹಳೆಯ ತಪ್ಪು ಖಾತೆಯನ್ನೇ ಒಳಗೆ ಬಿಡಬಹುದು. ಅಲ್ಲಿ account.microsoft.com/services ಎಂದು ಒತ್ತಿ ಪರ್ಸನಲ್ ಖಾತೆಯಲ್ಲಿ ಒಳಹೋಗಿ. ಆಫೀಸ್ ಅಲ್ಲಿ ಪಟ್ಟಿಯಾಗಿದ್ದರೆ ನಿಮ್ಮ ಹಕ್ಕು ಭದ್ರವಾಗಿದೆ. ಮನೆಯಲ್ಲಿ ಎರಡು ಮೂರು ಇಮೇಲ್ ಇದ್ದರೆ ಒಂದೊಂದನ್ನೂ ಹೀಗೆ ನೋಡಿ. ಆ ತಂಗಿಯ ವಿಷಯದಲ್ಲಿ ಪಟ್ಟಿಯಲ್ಲಿ ಆಫೀಸ್ ಇತ್ತು. ಜೂನಿನಿಂದಲೂ ಅಲ್ಲೇ ಇತ್ತು.

ಆಮೇಲಿನ ಕೆಲಸ ಹೀಗೆ ನಡೆಯುತ್ತದೆ. ಮೊದಲು ಬೇಕಾದ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ವರ್ಡಿನ Account ಪುಟದಲ್ಲಿ ಕಂಪನಿಯ ಖಾತೆಯನ್ನು Sign out ಮಾಡಿ, ವರ್ಡ್, ಎಕ್ಸೆಲ್, ಔಟ್‌ಲುಕ್ ಎಲ್ಲವನ್ನೂ ಮುಚ್ಚಿ. ನಂತರ ವಿಂಡೋಸಿನ Settings, ಅದರೊಳಗೆ Accounts, ಅದರೊಳಗೆ Access work or school. ಅಣ್ಣ ಅವತ್ತು OK ಒತ್ತಿದ್ದರಿಂದ ಕಂಪನಿಯ ಖಾತೆ ವಿಂಡೋಸಿನಲ್ಲೂ ಇಲ್ಲಿ ಬೇರು ಬಿಟ್ಟಿರುತ್ತದೆ. ಅದನ್ನು ಒತ್ತಿ Disconnect ಮಾಡಿ. ಈ ಹೆಜ್ಜೆ ಬಿಟ್ಟರೆ ಎಷ್ಟು ಸಲ ಸೈನ್ ಔಟ್ ಮಾಡಿದರೂ ಅದೇ ಹೆಸರು ಮತ್ತೆ ಬಂದು ಕೂರಬಹುದು. ಒಂದು ಎಚ್ಚರಿಕೆ: ಕಂಪನಿಯೇ ಕೊಟ್ಟ ಲ್ಯಾಪ್‌ಟಾಪಿನಲ್ಲಿ Disconnect ಮುಟ್ಟಬೇಡಿ. ನಿಮ್ಮ ದುಡ್ಡಿನ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಲ್ಯಾಪ್‌ಟಾಪನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ವರ್ಡ್ ತೆರೆದು ಹಕ್ಕಿರುವ ಪರ್ಸನಲ್ ಖಾತೆಯಲ್ಲಿ ಸೈನ್ ಇನ್ ಆಗಿ. ಆಗಲೂ ಹಣೆಪಟ್ಟಿ ಇದ್ದರೆ ಅದೇ Account ಪುಟದಲ್ಲಿ Change License ಒತ್ತಿ ಅದೇ ಖಾತೆ ಕೊಡಿ. ವರ್ಡ್ ಮುಚ್ಚಿ ಮತ್ತೆ ತೆರೆದಾಗ Product Activated ಅಂತ ಬಂದರೆ ಕೆಲಸ ಮುಗಿಯಿತು. ಚಂದಾ ಮಾದರಿಯದಾದರೆ Subscription Product ಅಂತ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಹಳೆಯ ಆಫೀಸನ್ನು ಅನ್‌ಇನ್‌ಸ್ಟಾಲ್ ಮಾಡಿ, ಮೊದಲು ಹೇಳಿದ ಅದೇ ಪುಟದಿಂದ, ನಿಮ್ಮ ಖಾತೆಯಲ್ಲಿದ್ದುಕೊಂಡೇ ಮತ್ತೆ ಇನ್‌ಸ್ಟಾಲ್ ಮಾಡಬಹುದು. ಅದಕ್ಕೆ ದುಡ್ಡಿಲ್ಲ, ಇಂಟರ್ನೆಟ್ ಡೇಟಾ ಮಾತ್ರ ಖರ್ಚು.

ಎಲ್ಲ ಹಣೆಪಟ್ಟಿಗೂ ಖಾತೆಯೇ ಕಾರಣ ಎಂದು ನಾವು ಹೇಳುತ್ತಿಲ್ಲ. ಚಂದಾ ಅವಧಿ ಮುಗಿದಿದ್ದರೂ ಇದೇ ಬರುತ್ತದೆ, ಆಗ ಮತ್ತೆ ಕಟ್ಟಲೇಬೇಕು. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಆಫೀಸ್ ಕೂತಿದ್ದರೂ ಬರಬಹುದು. ಇನ್ನೊಂದು, ಕಾಲೇಜು ಹುಡುಗರಿಗೆ ಮುಖ್ಯವಾದದ್ದು. ಕಾಲೇಜುಗಳಿಗೆ ಸಿಗುವ ಉಚಿತ ಯೋಜನೆ ಆಫೀಸ್ 365 ಎ1. ಅದರಲ್ಲಿ ಬ್ರೌಸರಿನಲ್ಲಿ ನಡೆಯುವ ವರ್ಡ್, ಎಕ್ಸೆಲ್ ಮಾತ್ರ ಇದೆ. ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಆದ ವರ್ಡಿಗೆ ಹಕ್ಕಿಲ್ಲ. ಸಣ್ಣ ಕಂಪನಿಗಳು ಕೊಳ್ಳುವ ಬಿಸಿನೆಸ್ ಬೇಸಿಕ್ ಯೋಜನೆಯೂ ಹಾಗೇ. ಆ ಖಾತೆಯಲ್ಲಿ ಮೇಲ್ ಬರುತ್ತದೆ, ಬ್ರೌಸರಿನಲ್ಲಿ ವರ್ಡ್ ತೆರೆಯುತ್ತದೆ, ಆದರೆ ಇನ್‌ಸ್ಟಾಲ್ ಆದ ವರ್ಡ್ Unlicensed ಅನ್ನುತ್ತದೆ. ಪಾಸ್‌ವರ್ಡ್ ಸರಿಯಿದೆ, ಖಾತೆಯೂ ಸರಿಯಿದೆ, ಆ ಖಾತೆಗೆ ಆ ಹಕ್ಕು ಇಲ್ಲ ಅಷ್ಟೆ.

ನಾವು ಯಾರನ್ನು ದೂರುತ್ತೇವೆ

"ಜನ ಓದದೆ OK ಒತ್ತುತ್ತಾರೆ, ತಪ್ಪು ಅವರದೇ" ಎಂದು ಕಂಪ್ಯೂಟರ್ ಬಲ್ಲವರು ಹೇಳುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಇನ್ನೊಬ್ಬರ ಲ್ಯಾಪ್‌ಟಾಪನ್ನು ಕಂಪನಿಯ ಉಸ್ತುವಾರಿಗೆ ಬಿಟ್ಟುಕೊಡುವಷ್ಟು ದೊಡ್ಡ ಒಪ್ಪಿಗೆಗೆ ಮೊದಲೇ ಟಿಕ್ ಹಾಕಿಟ್ಟು, ಬೇಡ ಅನ್ನುವ ದಾರಿಯನ್ನು ಚಿಕ್ಕ ಅಕ್ಷರದಲ್ಲಿ ಕೆಳಗೆ ಬಿಟ್ಟರೆ ಅದನ್ನು ಕೇಳುವುದು ಅನ್ನಲಾಗದು. ಕಂಪನಿ ಅಂಥ ವ್ಯವಸ್ಥೆ ಇಟ್ಟುಕೊಂಡಿದ್ದರೆ ಆ ಒಂದು ಟಿಕ್ಕಿನಿಂದ ಮನೆಯ ಲ್ಯಾಪ್‌ಟಾಪಿಗೆ ತನ್ನ ನಿಯಮ ಹೇರಬಹುದು. ಗ್ರಾಮ ಪಂಚಾಯಿತಿಯಲ್ಲಿ ಅರ್ಜಿಗೆ ಮೊದಲೇ ಹೆಬ್ಬೆಟ್ಟು ಒತ್ತಿಟ್ಟು, ಬೇಡದವರು ಅಳಿಸಿಕೊಳ್ಳಿ ಅಂದರೆ ನಾವು ಸುಮ್ಮನಿರುತ್ತೇವೆಯೇ?

ಇನ್ನು ಆ ಪದ. Unlicensed Product ಎಂಬುದು ಮಾಲಿನ ಮೇಲೆ ಹೊರಿಸುವ ಆರೋಪ. ಸಂಗತಿ ಖಾತೆಯದಾಗಿದ್ದರೆ ಖಾತೆಯ ಮಾತನ್ನೇ ಹೇಳಬೇಕು. "ಈಗ ಒಳಗಿರುವ ಈ ಇಮೇಲಿಗೆ ಹಕ್ಕಿಲ್ಲ, ಬೇರೆ ಇಮೇಲ್ ಇದ್ದರೆ ಹಾಕಿ" ಎಂದು ಮೇಲಿನ ಪಟ್ಟಿಯಲ್ಲೇ, ಇಮೇಲಿನ ಸಮೇತ, ಕನ್ನಡದಲ್ಲಿ ಬರೆದರೆ ತಂಗಿಯೇ ಸರಿಮಾಡಿಕೊಳ್ಳುತ್ತಿದ್ದಳು. ಯಾವ ಖಾತೆ ಒಳಗಿದೆ ಎಂಬುದು ಆ ಯಂತ್ರಕ್ಕೆ ಗೊತ್ತು. ಮೂರು ಪುಟ ಒಳಗೆ ಬಚ್ಚಿಟ್ಟು ಹೊರಗೆ ಹೆದರಿಸುವ ಪದ ಅಂಟಿಸುವುದು ಯಾವ ನ್ಯಾಯ?

ಎರಡನೆಯವರು ಕೆಲಸ ಕೊಡುವವರು. ಕಂಪನಿಯ ಕೆಲಸವನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಮಾಡಿಸುತ್ತಾರೆ. ಯಂತ್ರ ನಿನ್ನದು, ಕರೆಂಟು ನಿನ್ನದು, ಖಾತೆ ಮಾತ್ರ ನಮ್ಮದು. ಕೆಲಸ ಬಿಟ್ಟ ದಿನ ಗೇಟಿನಲ್ಲಿ ಐಡಿ ಕಾರ್ಡ್, ಬೂಟು, ಹೆಲ್ಮೆಟ್ ಲೆಕ್ಕ ಹಾಕಿ ವಾಪಸ್ ತೆಗೆದುಕೊಳ್ಳುತ್ತಾರೆ. ಮನೆಯ ಲ್ಯಾಪ್‌ಟಾಪಿನಲ್ಲಿ ಕೂತ ಕಂಪನಿಯ ಖಾತೆಯನ್ನು ತೆಗೆಸುವುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಇದರಲ್ಲಿ ಲೈಸೆನ್ಸಿಗಿಂತ ದೊಡ್ಡ ನಷ್ಟ ಅಡಗಿದೆ. ಕಂಪನಿಯ ಖಾತೆ ಒಳಗಿದ್ದಾಗ ವರ್ಡ್ ಎಷ್ಟೋ ಸಲ ಫೈಲನ್ನು ಕಂಪನಿಯ ಒನ್‌ಡ್ರೈವಿಗೆ ಸೇವ್ ಮಾಡುತ್ತದೆ. ಖಾತೆ ಅಳಿಸಿದ ಮೇಲೆ ಆ ಒನ್‌ಡ್ರೈವನ್ನು ಕಂಪನಿ ಬೇರೆ ತೀರ್ಮಾನ ಮಾಡದಿದ್ದರೆ 30 ದಿನ ಇಟ್ಟು ಆಮೇಲೆ ಅಳಿಸುವುದು ವಾಡಿಕೆಯ ಕ್ರಮ. ತಂಗಿಯ ಎರಡು ಅಧ್ಯಾಯ ಅಲ್ಲಿದ್ದರೆ ಅವೂ ಜೊತೆಗೆ ಹೋಗುತ್ತವೆ. ಆದ್ದರಿಂದ ಕೆಲಸ ಬಿಡುವವರು ಕೊನೆಯ ದಿನಕ್ಕೆ ಮುಂಚೆಯೇ ಫೈಲ್ ಎಕ್ಸ್‌ಪ್ಲೋರರ್ ತೆರೆದು, OneDrive ಎಂಬುದರ ಪಕ್ಕ ಕಂಪನಿಯ ಹೆಸರಿರುವ ಫೋಲ್ಡರ್ ಇದೆಯೇ ನೋಡಬೇಕು. ಅದರಲ್ಲಿ ಮನೆಯ ಫೈಲುಗಳಿದ್ದರೆ ಹೊರಗೆ ತೆಗೆದುಕೊಳ್ಳಬೇಕು. ಕಂಪನಿಯ ಫೈಲುಗಳನ್ನು ಮುಟ್ಟಬಾರದು.

ಮೂರನೆಯವರು ಮಾರುವ ಅಂಗಡಿಯವರು. ಲ್ಯಾಪ್‌ಟಾಪ್ ಜೊತೆ ಬರುವ ಆಫೀಸಿಗೆ ಒಂದು ಗಡುವು ಇದೆ. ವಿಂಡೋಸ್ ಆಕ್ಟಿವೇಟ್ ಆದ ದಿನದಿಂದ 180 ದಿನದೊಳಗೆ ಅದನ್ನು ಒಂದು ಪರ್ಸನಲ್ ಖಾತೆಗೆ ಸೇರಿಸಿಕೊಳ್ಳಬೇಕು. ನಮ್ಮ ಕಥೆಯ ತಂಗಿ ಮೊದಲ ವಾರವೇ ಮಾಡಿದ್ದರಿಂದ ಬಚಾವಾದಳು. ಅವಳು ಮಾಡದೆ ಇದ್ದು, ಅಣ್ಣನ ಕಂಪನಿಯ ಖಾತೆಯ ಮೇಲೇ ಮೊದಲಿಂದ ನಡೆಸಿದ್ದರೆ ಡಿಸೆಂಬರಿಗೇ ಗಡುವು ಮುಗಿದು, ಮಾರ್ಚಿನಲ್ಲಿ ತೆರೆದಾಗ ದುಡ್ಡು ಕೊಟ್ಟು ತಂದ ಹಕ್ಕು ಕೈಬಿಟ್ಟಿರುತ್ತಿತ್ತು. ಈ ಗಡುವನ್ನು ಬಿಲ್ಲಿನ ಮೇಲೆ ಬರೆದುಕೊಡುವ ಅಂಗಡಿಯನ್ನು ನಾವು ನೋಡಿಲ್ಲ. ಕೆಲವರು ಇನ್ನೂ ಮುಂದೆ ಹೋಗಿ, "ನಾವೇ ರೆಡಿ ಮಾಡಿಕೊಡ್ತೀವಿ" ಎಂದು ತಮ್ಮ ಹತ್ತಿರ ಇರುವ ಯಾವುದೋ ಇಮೇಲಿನಲ್ಲಿ ಆಕ್ಟಿವೇಟ್ ಮಾಡಿ ಕಳಿಸುತ್ತಾರೆ. ಅದು ನಿಮ್ಮ ಜಮೀನನ್ನು ಬ್ರೋಕರ್ ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡ ಹಾಗೆ. ಅವನ ಪಾಸ್‌ವರ್ಡ್ ಮರೆತ ದಿನ ನಿಮ್ಮ ಹಕ್ಕಿಗೆ ಬೀಗ.

ಕೊನೆಯವರು ಕ್ರ್ಯಾಕ್ ಹಾಕುವವರು. ಐನೂರು ತೆಗೆದುಕೊಂಡು ಅವರು ಮಾಡುವುದು ಏನು? ಅಸಲಿ ಹಕ್ಕಿರುವ ಆಫೀಸನ್ನು ಕಿತ್ತುಹಾಕಿ ಕಳ್ಳ ಆಫೀಸನ್ನು ಹಾಕುತ್ತಾರೆ. ಅದಕ್ಕಾಗಿ ಮೊದಲು ಆಂಟಿವೈರಸ್ ಆಫ್ ಮಾಡುತ್ತಾರೆ. ಕೆಎಂಎಸ್ ಎಂಬ, ದೊಡ್ಡ ಸಂಸ್ಥೆಗಳಿಗಾಗಿ ಇರುವ ಆಕ್ಟಿವೇಶನ್ ದಾರಿಯನ್ನು ನಕಲಿ ಮಾಡಿ ಯಂತ್ರಕ್ಕೆ ಮೋಸ ಮಾಡುತ್ತಾರೆ. ಆ ಆಕ್ಟಿವೇಶನ್ನಿನ ಆಯಸ್ಸು 180 ದಿನ, ನಡುವೆ ನವೀಕರಣ ಆಗದಿದ್ದರೆ ಅದೂ ಮುಗಿಯುತ್ತದೆ. ಆಗ ಅದೇ ಹಣೆಪಟ್ಟಿ, ಅದೇ ಅಂಗಡಿ, ಮತ್ತೆ ಐನೂರು. ಮೊದಲು ಸುಳ್ಳಾಗಿ ಬಿದ್ದಿದ್ದ "ಪರವಾನಗಿ ಇಲ್ಲದ ಮಾಲು" ಎಂಬ ಆರೋಪ ಈಗ ನಿಜವಾಗುತ್ತದೆ. ಅಸಲಿ ಮಾಲಿನ ಒಡೆಯರನ್ನು ದುಡ್ಡು ತೆಗೆದುಕೊಂಡು ಕಳ್ಳಮಾಲಿನ ಒಡೆಯರನ್ನಾಗಿ ಮಾಡುವ ವ್ಯಾಪಾರ ಇದು. ಇದಕ್ಕೆ ಸರ್ವೀಸ್ ಎಂಬ ಹೆಸರು ಸಲ್ಲದು. ಈಗಾಗಲೇ ಹೀಗೆ ಮಾಡಿಸಿಕೊಂಡವರೂ ಒಮ್ಮೆ account.microsoft.com/services ನೋಡಿ. ನೀವು ಮೊದಲೇ ನಿಮ್ಮ ಖಾತೆಗೆ ಸೇರಿಸಿಕೊಂಡಿದ್ದರೆ ಅಸಲಿ ಹಕ್ಕು ಇನ್ನೂ ಅಲ್ಲೇ ಇರುತ್ತದೆ.

ನಾವು ಕೇಳುವುದು ಇಷ್ಟು

ಅಂಗಡಿಯಲ್ಲಿ ಲ್ಯಾಪ್‌ಟಾಪ್ ಕೊಳ್ಳುವಾಗ, ಪೆಟ್ಟಿಗೆ ಅಲ್ಲೇ ಬಿಚ್ಚಿಸಿ, ನಿಮ್ಮ ಇಮೇಲಿನಲ್ಲಿ, ನೀವೇ ಒತ್ತಿದ ಪಾಸ್‌ವರ್ಡಿನಲ್ಲಿ, ನಿಮ್ಮ ಮೊಬೈಲ್ ನಂಬರ್ ಕೊಟ್ಟು ಆಫೀಸನ್ನು ಆಕ್ಟಿವೇಟ್ ಮಾಡಿಸಿ. File, Account ತೆರೆಸಿ ನಿಮ್ಮ ಹೆಸರು ಕಂಡ ಮೇಲೆ ದುಡ್ಡು ಕೊಡಿ. ಆ ಪುಟದ ಒಂದು ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಯಾವ ಇಮೇಲ್ ಎಂಬುದು ಮುಂದೆ ಯಾರನ್ನೂ ಕೇಳಬೇಕಾಗುವುದಿಲ್ಲ.

ಕಂಪನಿಯ ಖಾತೆಯನ್ನು ಮನೆಯ ಲ್ಯಾಪ್‌ಟಾಪಿಗೆ ಹಾಕಲೇಬೇಕಾಗಿ ಬಂದರೆ ಬ್ರೌಸರಿನಲ್ಲಿ ಮಾತ್ರ ಬಳಸಿ. ಎಕ್ಸೆಲ್ಲಿನಲ್ಲೇ ಹಾಕಬೇಕೆಂದರೆ ಟಿಕ್ ತೆಗೆದು ಆ ಚಿಕ್ಕ ಅಕ್ಷರದ "this app only" ಸಾಲನ್ನೇ ಒತ್ತಿ. ಮನೆಯವರ ಖಾತೆಯನ್ನು ಸೈನ್ ಔಟ್ ಮಾಡಬೇಡಿ. ಕಂಪನಿಗಳ ಎಚ್‌ಆರ್ ವಿಭಾಗದವರು ಬಿಡುಗಡೆಯ ಪಟ್ಟಿಗೆ ಒಂದು ಸಾಲು ಸೇರಿಸಲಿ: "ಸ್ವಂತ ಲ್ಯಾಪ್‌ಟಾಪಿನಿಂದ ಕಂಪನಿಯ ಖಾತೆ ತೆಗೆಯಲಾಗಿದೆ, ಸ್ವಂತ ಫೈಲುಗಳನ್ನು ಒಯ್ಯಲಾಗಿದೆ." ಅದಕ್ಕೆ ಪ್ರಿಂಟಿನ ಒಂದು ಸಾಲಿಗಿಂತ ಹೆಚ್ಚು ಖರ್ಚಿಲ್ಲ.

ನಾಳೆಯೇ ಪ್ರಾಜೆಕ್ಟ್ ಕೊಡಬೇಕು, ಇವತ್ತು ಹಣೆಪಟ್ಟಿ ಬಿದ್ದಿದೆ ಅನ್ನುವವರೂ ಅಂಗಡಿಗೆ ಓಡಬೇಕಿಲ್ಲ. ಪರ್ಸನಲ್ ಖಾತೆಯಲ್ಲಿ onedrive.live.com ತೆರೆದು ಫೈಲನ್ನು ಹಾಕಿದರೆ ಬ್ರೌಸರಿನ ವರ್ಡಿನಲ್ಲಿ ಉಚಿತವಾಗಿ ತಿದ್ದಬಹುದು. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲೂ ವರ್ಡ್ ಫೈಲ್ ತೆರೆಯುತ್ತದೆ. ಸಾಲು, ಟೇಬಲ್ಲು ಅಲ್ಲಲ್ಲಿ ಸ್ವಲ್ಪ ಜರುಗಬಹುದು, ಪ್ರಿಂಟ್ ತೆಗೆಯುವ ಮೊದಲು ನೋಡಿಕೊಳ್ಳಿ.

ಅಷ್ಟಾದರೂ ಅಂಗಡಿಗೆ ಹೋಗಲೇಬೇಕಾಗಿ ಬಂದರೆ ಲ್ಯಾಪ್‌ಟಾಪನ್ನು ಅವರ ಕೈಗೆ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ: "ಅಣ್ಣ, ಇದ್ರಲ್ಲಿ ಯಾರ ಅಕೌಂಟ್ ಸೈನ್ ಇನ್ ಆಗೈತೆ, ತೋರ್ಸಿ." ತೋರಿಸಿದರೆ ಅವರು ಕೆಲಸ ಬಲ್ಲವರು, ಅವರ ಕೂಲಿ ಕೊಡಿ. ತೋರಿಸದೆ ಫಾರ್ಮ್ಯಾಟ್ ಅಂದರೆ ಲ್ಯಾಪ್‌ಟಾಪ್ ಮುಚ್ಚಿಕೊಂಡು ಬನ್ನಿ.